ಒಂದು ಹಾಡು ಸಾಗರ ದಾಟಿದ ಬಗೆ

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ, ಬ್ರಿಸ್ಬೇನ್ ನಗರದ ಉತ್ತರಕ್ಕೆ ಪೆರೀಜಿಯನ್ ಎಂಬ ಕಡಲತೀರವಿದೆ. ಬೇಸಿಗೆಯನ್ನು ಅಂಟಾರ್ಕ್ಟಿಕದ ತಣ್ಣೀರಿನಲ್ಲಿ ಮೇಯುತ್ತ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲದಲ್ಲಿ ಸಂತಾನಕ್ಕಾಗಿ ಉತ್ತರದ ಬೆಚ್ಚನೆಯ ನೀರಿಗೆ ಹೊರಡುತ್ತವೆ. ಹೋಗುವಾಗಲೂ ಮರಳುವಾಗಲೂ ಈ ತೀರದ ಪಕ್ಕದಲ್ಲೇ ಹಾದುಹೋಗುತ್ತವೆ. ದಾರಿಯುದ್ದಕ್ಕೂ ಗಂಡುಗಳು ಹಾಡುತ್ತವೆ. 1990ರ ದಶಕದ ನಡುವಿನಲ್ಲಿ ಮೈಕೆಲ್ ನೋಡ್ ಮತ್ತು ಅವರ ಸಂಗಡಿಗರು ಇಲ್ಲಿ ನೀರಿಗೆ ಮೈಕ್ ಇಳಿಬಿಟ್ಟು ಆ ಹಾಡುಗಳನ್ನು ದಾಖಲಿಸುತ್ತಿದ್ದರು. 1996ರ ಹೊತ್ತಿಗೆ ಅವರು ಪರಿಶೀಲಿಸಿದ್ದ 82 ಗಾಯಕ ತಿಮಿಂಗಿಲಗಳಲ್ಲಿ 80 ಒಂದೇ ಹಾಡನ್ನು ಹಾಡುತ್ತಿದ್ದವು. ಉಳಿದೆರಡರ ಹಾಡು ಪೂರ್ತಿ ಬೇರೆಯಾಗಿತ್ತು. ಅದರ ಒಂದು ಸಾಲೂ ಉಳಿದವುಗಳ ಹಾಡಿಗೆ ಹೊಂದುತ್ತಿರಲಿಲ್ಲ.

ಆ ಎರಡು ತಿಮಿಂಗಿಲಗಳ ಹಾಡು ಎಲ್ಲಿಯದು ಎಂಬುದಕ್ಕೆ ಉತ್ತರ ಖಂಡದ ಇನ್ನೊಂದು ಬದಿಯಲ್ಲಿ ಸಿಕ್ಕಿತು. ಹಿಂದೂ ಮಹಾಸಾಗರಕ್ಕೆ ಮುಖ ಮಾಡಿದ ಪಶ್ಚಿಮ ಆಸ್ಟ್ರೇಲಿಯಾದ ತಿಮಿಂಗಿಲಗಳು ಅದನ್ನೇ ಹಾಡುತ್ತಿದ್ದವು. ಮುಂದೆ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. 1997ರಲ್ಲಿ ಪೂರ್ವ ಕರಾವಳಿಯ ತಿಮಿಂಗಿಲಗಳು ಒಂದೊಂದಾಗಿ ಹಳೆಯ ಹಾಡನ್ನು ಬಿಟ್ಟು ಪಶ್ಚಿಮದ ಹಾಡಿಗೆ ಹೊರಳಿದವು. ಕೆಲವು ಎರಡನ್ನೂ ಬೆರೆಸಿ ಹಾಡಿದವು. ಆ ವರ್ಷದ ಋತು ಮುಗಿಯುವಷ್ಟರಲ್ಲಿ ಹೆಚ್ಚಿನವು ಹೊಸ ಹಾಡನ್ನು ಹಿಡಿದಿದ್ದವು. 1998ರಲ್ಲಿ ಹಳೆಯ ಹಾಡು ಎಲ್ಲೂ ಕೇಳಿಸಲಿಲ್ಲ. 2000ನೇ ಇಸವಿಯಲ್ಲಿ ನೋಡ್ ಮತ್ತು ಸಹೋದ್ಯೋಗಿಗಳು 'ನೇಚರ್' ಪತ್ರಿಕೆಯಲ್ಲಿ ಇದನ್ನು ವರದಿ ಮಾಡಿದಾಗ ಬಳಸಿದ ಹೆಸರು 'ಸಾಂಸ್ಕೃತಿಕ ಕ್ರಾಂತಿ'.

ಹೀಗೆ ಎರಡೇ ವರ್ಷಗಳಲ್ಲಿ ಒಂದು ಇಡೀ ಸಮುದಾಯ ತನ್ನ ಹಾಡನ್ನು ಬದಲಿಸಿಕೊಂಡದ್ದು ಹೇಗೆ ಎಂದು ತಿಳಿಯಬೇಕಾದರೆ ಮೊದಲು ಆ ಹಾಡಿನ ಕಟ್ಟು ಗೊತ್ತಿರಬೇಕು.

ಗಾಯಕ ತಿಮಿಂಗಿಲ ಸಾಮಾನ್ಯವಾಗಿ ಒಂಟಿಯಾಗಿರುತ್ತದೆ. ಹಲವು ಬಾರಿ ತಲೆ ಕೆಳಗೆ ಬಾಲ ಮೇಲೆ ಮಾಡಿಕೊಂಡು, ನೀರಿನ ಮೇಲ್ಮೈಯಿಂದ ಕೆಲವೇ ಹತ್ತು ಮೀಟರ್ ಆಳದಲ್ಲಿ ಅಲುಗಾಡದೆ ನಿಂತಿರುತ್ತದೆ. ಹಾಡುವಾಗ ಬಾಯಿ ತೆರೆಯುವುದಿಲ್ಲ, ಗಾಳಿಯ ಗುಳ್ಳೆಯನ್ನೂ ಬಿಡುವುದಿಲ್ಲ. ಶ್ವಾಸಕೋಶದಿಂದ ಹೊರಟ ಗಾಳಿ ಗಂಟಲಿನ ಭಾಗವನ್ನು ದಾಟಿ ಅಲ್ಲೇ ಇರುವ ಚೀಲವೊಂದನ್ನು ಸೇರುತ್ತದೆ. ಅದನ್ನೇ ಮತ್ತೆ ಹಿಂದಕ್ಕೆ ಎಳೆದುಕೊಂಡು ಬಳಸಬಹುದು. ಧ್ವನಿಪೆಟ್ಟಿಗೆಯಲ್ಲಿ ಇಂಗ್ಲಿಷಿನ ಯು ಅಕ್ಷರದ ಆಕಾರದ ಗಟ್ಟಿ ರಚನೆಯಿದೆ. ಅದು ಎದುರಿನ ದಪ್ಪನೆಯ ಕೊಬ್ಬಿನ ದಿಂಬಿಗೆ ಒತ್ತಿಕೊಂಡು ಗಾಳಿ ಹಾಯುವಾಗ ಕಂಪಿಸುತ್ತದೆ ಎಂದು 2024ರಲ್ಲಿ ಕೂನ್ ಎಲೆಮನ್ಸ್ ಮತ್ತು ಸಂಗಡಿಗರು ತೋರಿಸಿದರು. ಉಸಿರಾಡಲು ಮೇಲೆ ಬರಬೇಕಾದಾಗಲೂ ತಿಮಿಂಗಿಲ ಹಾಡನ್ನು ಮೊದಲಿನಿಂದ ಶುರು ಮಾಡುವುದಿಲ್ಲ. ಉಸಿರೆಳೆದುಕೊಂಡು, ಎಲ್ಲಿದ್ದಿತೋ ಅಲ್ಲಿಂದ ಮುಂದುವರಿಸುತ್ತದೆ.

ಹಾಡಿನ ಅತಿ ಚಿಕ್ಕ ತುಂಡು ಒಂದು ಸದ್ದು. ಅದು ಗೊರಗೊರ ಎನ್ನಬಹುದು, ಬಾಗಿಲು ಕಿರುಗುಟ್ಟಿದಂತೆ ಇರಬಹುದು, ಏರುತ್ತ ಹೋಗುವ ಕೂಗಾಗಿರಬಹುದು, ತೀರಾ ಕೆಳಗಿನ ನರಳಾಟವಾಗಿರಬಹುದು. ಇಂಥ ಕೆಲವು ಸದ್ದುಗಳು ಗೊತ್ತಾದ ಕ್ರಮದಲ್ಲಿ ಸೇರಿದರೆ ಒಂದು ಸಾಲು. ಸಾಲು ಬಹಳವೆಂದರೆ ಅರ್ಧ ನಿಮಿಷದ್ದು. ತಿಮಿಂಗಿಲ ಆ ಸಾಲನ್ನು ಒಮ್ಮೆ ಹಾಡಿ ಬಿಡುವುದಿಲ್ಲ. ಎರಡು ನಿಮಿಷ, ನಾಲ್ಕು ನಿಮಿಷ ಅದನ್ನೇ ಮತ್ತೆ ಮತ್ತೆ ಹೇಳುತ್ತದೆ. ಒಂದೇ ಸಾಲಿನ ಈ ಸುತ್ತುಗಳೆಲ್ಲ ಸೇರಿ ಒಂದು ಚರಣ. ನಂತರ ಮುಂದಿನ ಚರಣ, ಅದರದ್ದೇ ಸಾಲು, ಅದರದ್ದೇ ಸುತ್ತುಗಳು. ಭಜನೆಯ ಮೇಳದಲ್ಲಿ ಒಂದು ಸಾಲನ್ನು ಎಷ್ಟು ಸಲ ಮರಳಿ ಹೇಳಬೇಕೆಂಬುದು ಆ ಹೊತ್ತಿನ ಹುರುಪಿಗೆ ಬಿಟ್ಟದ್ದು, ಆದರೆ ಯಾವ ಸಾಲಿನ ನಂತರ ಯಾವ ಸಾಲು ಎಂಬುದನ್ನು ಯಾರೂ ಬದಲಿಸುವುದಿಲ್ಲ. ಹಂಪ್‌ಬ್ಯಾಕ್ ಹಾಡಿನ ಕಟ್ಟೂ ಅದೇ. ಸುತ್ತುಗಳ ಸಂಖ್ಯೆ ಏರಿಳಿಯುತ್ತದೆ, ಒಮ್ಮೊಮ್ಮೆ ಒಂದು ಚರಣ ಬಿಟ್ಟುಹೋಗುತ್ತದೆ, ಚರಣಗಳ ಸರದಿ ಮಾತ್ರ ಬಹುಮಟ್ಟಿಗೆ ಹಾಗೇ ಇರುತ್ತದೆ. ಎಲ್ಲ ಚರಣಗಳೂ ಮುಗಿದಾಗ ಒಂದು ಹಾಡು. ಅದಕ್ಕೆ ಹತ್ತು ನಿಮಿಷ ಹಿಡಿಯಬಹುದು, ಅರ್ಧ ಗಂಟೆಯೂ ಆಗಬಹುದು. ಮುಗಿದ ಕೂಡಲೇ ಮತ್ತೆ ಮೊದಲ ಚರಣ. ಒಂದೇ ತಿಮಿಂಗಿಲ ಹೀಗೆ ಗಂಟೆಗಟ್ಟಲೆ ಹಾಡುವುದುಂಟು.

ಈ ಕಟ್ಟನ್ನು ಮೊದಲು ಬಿಡಿಸಿ ತೋರಿಸಿದವರು ರೋಜರ್ ಪೇಯ್ನ್ ಮತ್ತು ಸ್ಕಾಟ್ ಮ್ಯಾಕ್‌ವೇ. ಬರ್ಮುಡಾದಲ್ಲಿ ಅಮೆರಿಕದ ನೌಕಾಪಡೆಗಾಗಿ ಕೆಲಸ ಮಾಡುತ್ತಿದ್ದ ಫ್ರಾಂಕ್ ವಾಟ್ಲಿಂಗ್ಟನ್ ಎಂಬ ಎಂಜಿನಿಯರ್ ಆಳ ಸಮುದ್ರದ ಮೈಕ್‌ಗಳಿಂದ ಹಿಡಿದಿಟ್ಟಿದ್ದ ಧ್ವನಿಗಳು ಅವರಿಗೆ ಸಿಕ್ಕವು. ಧ್ವನಿಯನ್ನು ಕಾಗದದ ಮೇಲೆ ಚಿತ್ರವಾಗಿಸುವ ಯಂತ್ರದಿಂದ ಅದರ ಪಟ ತೆಗೆದಾಗ, ಎಡದಿಂದ ಬಲಕ್ಕೆ ಕಾಲ, ಕೆಳಗಿನಿಂದ ಮೇಲಕ್ಕೆ ಸ್ಥಾಯಿ, ಅಲ್ಲಲ್ಲಿ ಕಪ್ಪು ಗೆರೆಗಳು. ಅದೇ ಗೆರೆಗಳು ಮತ್ತೆ ಮತ್ತೆ ಅದೇ ಕ್ರಮದಲ್ಲಿ ಬರುತ್ತಿದ್ದವು. 1971ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧ ಈ ಸದ್ದುಗಳನ್ನು ಹಾಡು ಎಂದೇ ಕರೆಯಿತು.

ಆದರೆ ಹಾಡು ಬದಲಾಗುತ್ತದೆ ಎಂಬುದನ್ನು ಕಂಡವರು ಕೇಟಿ ಪೇಯ್ನ್. ಅವರು ಸಂಗೀತ ಕಲಿತವರು. ಬೇರೆ ಬೇರೆ ವರ್ಷಗಳ ಧ್ವನಿಪಟಗಳನ್ನು ಅಕ್ಕಪಕ್ಕ ಹರಡಿಕೊಂಡು ಸಾಲು ಸಾಲಾಗಿ ಹೋಲಿಸಿ ನೋಡಿದರು. ಒಂದು ವರ್ಷದ ಹಾಡು ಮರುವರ್ಷ ತುಸು ಬೇರೆಯಾಗಿರುತ್ತಿತ್ತು, ಕೆಲವು ವರ್ಷಗಳ ನಂತರ ಗುರುತು ಸಿಗದಷ್ಟು ಬೇರೆಯಾಗಿರುತ್ತಿತ್ತು. ಬದಲಾವಣೆಯ ಬಗೆಗಳೂ ಸ್ಪಷ್ಟವಾಗಿದ್ದವು. ಸಾಲಿನ ಕೊನೆಯ ಸದ್ದು ಸ್ವಲ್ಪ ಮೇಲಕ್ಕೇರುತ್ತದೆ. ಒಂದೇ ಇದ್ದ ಸದ್ದು ಎರಡಾಗುತ್ತದೆ, ಮರುವರ್ಷ ಮೂರಾಗುತ್ತದೆ. ಒಂದು ಚರಣದ ಸುತ್ತುಗಳು ಕಡಿಮೆಯಾಗುತ್ತ ಹೋಗಿ ಕಡೆಗೆ ಅದು ಹಾಡಿನಿಂದಲೇ ಬಿದ್ದುಹೋಗುತ್ತದೆ. ಇನ್ನೊಂದೆಡೆ ಹೊಸ ಚರಣ ಮೊಳೆಯುತ್ತದೆ.

ಇದರಲ್ಲಿ ನನಗೆ ಅತ್ಯಂತ ಬೆರಗು ಹುಟ್ಟಿಸುವ ಸಂಗತಿಗಳು ಎರಡು. ಒಂದು, ಆ ನೀರಿನ ಗಂಡುಗಳೆಲ್ಲ ಈ ಬದಲಾವಣೆಗಳನ್ನು ಒಟ್ಟಿಗೆ ಮಾಡುತ್ತವೆ. ಸಾಲಿನ ಕೊನೆಯ ಸದ್ದು ಎರಡಾದರೆ ಎಲ್ಲರಲ್ಲೂ ಎರಡಾಗುತ್ತದೆ. ಎರಡನೆಯದು, ಹಾಡು ಬದಲಾಗುವುದು ಹಾಡುವ ತಿಂಗಳುಗಳಲ್ಲಿ. ಹವಾಯಿಯಲ್ಲಿ ನಡೆದ ಅಧ್ಯಯನದಲ್ಲಿ ಋತುವಿನ ಕೊನೆಯ ಹಾಡನ್ನೂ ಮುಂದಿನ ಋತುವಿನ ಮೊದಲ ಹಾಡನ್ನೂ ಹೋಲಿಸಿದಾಗ ಅವು ಬಹುಪಾಲು ಒಂದೇ ಆಗಿದ್ದವು. ನಡುವಿನ ತಿಂಗಳುಗಳನ್ನು ತಿಮಿಂಗಿಲಗಳು ದೂರದ ಉತ್ತರದಲ್ಲಿ, ಹೆಚ್ಚಾಗಿ ಹಾಡದೆ, ಮೇಯುತ್ತ ಕಳೆದಿದ್ದವು. ಮರೆತು ತಪ್ಪಾಗಿ ಹಾಡಿದ್ದರಿಂದ ಹಾಡು ಬದಲಾಗುತ್ತದೆ ಎನ್ನುವಂತಿಲ್ಲ. ಅವು ನೆನಪಿಟ್ಟುಕೊಂಡೇ ಬರುತ್ತವೆ, ಬಂದ ಮೇಲೆ ಬದಲಿಸುತ್ತವೆ.

ಹೀಗೆ ಸ್ವಲ್ಪಸ್ವಲ್ಪವಾಗಿ ನಡೆಯುವ ಮಾರ್ಪಾಡಿಗೂ ಪೆರೀಜಿಯನ್‌ನಲ್ಲಿ ನಡೆದ ಕ್ರಾಂತಿಗೂ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಈ ವರ್ಷದ ಹಾಡಿನ ಬೇರು ಹೋದ ವರ್ಷದ ಹಾಡಿನಲ್ಲಿರುತ್ತದೆ. ಎರಡನೆಯದರಲ್ಲಿ ಹಳೆಯದರ ಒಂದು ಚರಣವೂ ಉಳಿಯುವುದಿಲ್ಲ. ಇವೆರಡರಲ್ಲಿ ಯಾವುದು ನಡೆದಿದೆ ಎಂದು ಕಿವಿಯೊಂದನ್ನೇ ನಂಬಿ ಹೇಳಿದರೆ ಮೋಸಹೋಗುತ್ತೇವೆ, ಏಕೆಂದರೆ ಬಹಳ ಬದಲಾದ ಹಳೆಯ ಸಾಲು ಹೊಸದೇ ಎನ್ನಿಸಿಬಿಡಬಹುದು. ಅದಕ್ಕೆ ಸಂಶೋಧಕರು ಸಾಲುಗಳನ್ನು ಅಳೆದು ಹೋಲಿಸುತ್ತಾರೆ.

ಅಳೆಯುವ ರೀತಿ ಸರಳವಾದದ್ದು. ಪ್ರತಿ ಸದ್ದಿಗೂ ಒಂದು ಹೆಸರು ಕೊಟ್ಟು ಸಾಲನ್ನು ಹೆಸರುಗಳ ಸರಣಿಯಾಗಿ ಬರೆಯುತ್ತಾರೆ. ಉದಾಹರಣೆಗೆ ಒಂದು ಸಾಲು ಹೀಗಿದೆ ಎನ್ನೋಣ: ಗೊರಕೆ, ಗೊರಕೆ, ಕೂಗು, ನರಳು. ಇನ್ನೊಂದು ತಿಮಿಂಗಿಲದ ಸಾಲು: ಗೊರಕೆ, ಕೂಗು, ಕೂಗು, ನರಳು. ಮೊದಲನೆಯದನ್ನು ಎರಡನೆಯದಾಗಿಸಲು ಒಂದೇ ತಿದ್ದುಪಡಿ ಸಾಕು. ಎರಡನೇ ಸ್ಥಾನದ ಗೊರಕೆಯನ್ನು ಕೂಗು ಮಾಡಿದರಾಯಿತು. ನಾಲ್ಕು ಸದ್ದುಗಳಲ್ಲಿ ಒಂದು ತಿದ್ದುಪಡಿ ಎಂದರೆ ಎರಡು ಸಾಲುಗಳಿಗೆ ಶೇ. 75ರಷ್ಟು ಹೋಲಿಕೆ. ಮೂರನೆಯ ಸಾಲು ಸಿಳ್ಳೆ, ಸಿಳ್ಳೆ, ಕಿರುಚು, ಗುಡುಗು ಎಂದಿದ್ದರೆ ನಾಲ್ಕನ್ನೂ ಬದಲಿಸಬೇಕು, ಹೋಲಿಕೆ ಸೊನ್ನೆ. ಸಾವಿರಾರು ಸಾಲುಗಳನ್ನು ಹೀಗೆ ಒಂದಕ್ಕೊಂದು ಹೋಲಿಸಿ, ಹತ್ತಿರದವನ್ನು ಒಂದು ಗುಂಪಿಗೆ ಹಾಕಿದರೆ ಯಾವ ಹಾಡು ಯಾವುದರಿಂದ ಬಂತು, ಯಾವುದು ಹೊರಗಿನದು ಎಂದು ಗುಂಪುಗಳೇ ಹೇಳುತ್ತವೆ. ಸದ್ದಿಗೆ ಹೆಸರು ಕೊಡುವುದರಲ್ಲೇ ತಪ್ಪಾಗಬಹುದಾದ್ದರಿಂದ, ಅದೇ ಧ್ವನಿಯನ್ನು ಬೇರೆಯವರಿಗೂ ಕೇಳಿಸಿ ಅವರು ಕೊಟ್ಟ ಹೆಸರುಗಳು ಹೊಂದುತ್ತವೆಯೇ ಎಂದು ನೋಡುವುದು ರೂಢಿ. ಇನ್ನೊಂದು ಎಚ್ಚರಿಕೆಯೂ ಬೇಕು. ಒಂದೇ ಮೈಕ್‌ನಲ್ಲಿ ಎರಡು ಮೂರು ತಿಮಿಂಗಿಲಗಳು ಒಟ್ಟಿಗೆ ಕೇಳಿಸಿದಾಗ ಒಂದರ ಸಾಲು ಇನ್ನೊಂದರ ಹಾಡಿಗೆ ಸೇರಿಕೊಂಡುಬಿಡಬಹುದು. ಹಾಗಾಗಿ ಗಾಯಕರನ್ನು ಬಿಡಿಸಿ ಗುರುತಿಸಲಾಗದ ತುಣುಕನ್ನು ಲೆಕ್ಕದಿಂದಲೇ ಕೈಬಿಡುವುದು ಕ್ಷೇಮ.

ಈ ವಿಧಾನದಿಂದ ಬಂದ ಬಹುದೊಡ್ಡ ಚಿತ್ರವನ್ನು 2011ರಲ್ಲಿ ಎಲೆನ್ ಗಾರ್ಲಂಡ್ ಮತ್ತು ಸಹೋದ್ಯೋಗಿಗಳು ಬಿಡಿಸಿದರು. 1998ರಿಂದ 2008ರವರೆಗೆ, ಹನ್ನೊಂದು ವರ್ಷ, ದಕ್ಷಿಣ ಪೆಸಿಫಿಕ್‌ನ ಆರು ನೆಲೆಗಳ ಹಾಡುಗಳು ಅವರ ಮುಂದಿದ್ದವು: ಪೂರ್ವ ಆಸ್ಟ್ರೇಲಿಯಾ, ನ್ಯೂ ಕ್ಯಾಲೆಡೋನಿಯಾ, ಟೋಂಗಾ, ಅಮೆರಿಕನ್ ಸಮೋವಾ, ಕುಕ್ ದ್ವೀಪಗಳು ಮತ್ತು ಫ್ರೆಂಚ್ ಪಾಲಿನೇಷಿಯಾ. ಒಂದೊಂದು ಹಾಡಿಗೂ ಒಂದು ಬಣ್ಣದ ಹೆಸರಿಟ್ಟು ವರ್ಷಗಳನ್ನು ಒಂದು ಕಡೆ, ನೆಲೆಗಳನ್ನು ಇನ್ನೊಂದು ಕಡೆ ಇಟ್ಟು ಕೋಷ್ಟಕ ಮಾಡಿದಾಗ ಬಣ್ಣಗಳು ಓರೆಯಾಗಿ ಇಳಿಯುತ್ತ ಹೋದವು. ಈ ವರ್ಷ ಪೂರ್ವ ಆಸ್ಟ್ರೇಲಿಯಾದಲ್ಲಿ ಕೇಳಿದ ಹಾಡು ಮುಂದಿನ ವರ್ಷ ಅದರ ಪೂರ್ವದ ದ್ವೀಪಗಳ ನೀರಿನಲ್ಲಿ, ಅದರ ಮುಂದಿನ ವರ್ಷ ಇನ್ನೂ ಪೂರ್ವದಲ್ಲಿ. ಸುಮಾರು 6,000 ಕಿ.ಮೀ. ದೂರದ ಫ್ರೆಂಚ್ ಪಾಲಿನೇಷಿಯಾ ತಲಪಲು ಸಾಮಾನ್ಯವಾಗಿ ಎರಡು ವರ್ಷ. ಅಷ್ಟರಲ್ಲಿ ಪಶ್ಚಿಮದಿಂದ ಮತ್ತೊಂದು ಹಾಡು ಹೊರಟಿರುತ್ತಿತ್ತು. ಹೆಚ್ಚುಕಡಿಮೆ ಎಲ್ಲ ಹಾಡುಗಳೂ ಪಶ್ಚಿಮದಿಂದ ಪೂರ್ವಕ್ಕೇ ಸಾಗಿದವು.

ಏಕೆ ಪೂರ್ವಕ್ಕೆ? ಹೆಚ್ಚು ಒಪ್ಪುವಂಥ ಕಾರಣ ಸಂಖ್ಯೆ. ಈ ನೆಲೆಗಳಲ್ಲಿ ಪೂರ್ವ ಆಸ್ಟ್ರೇಲಿಯಾದ ಗುಂಪೇ ದೊಡ್ಡದು, ಪೂರ್ವದ ದ್ವೀಪಗಳ ಗುಂಪುಗಳು ಚಿಕ್ಕವು. ಅಕ್ಕಪಕ್ಕದ ಗುಂಪುಗಳ ತಿಮಿಂಗಿಲಗಳು ಸಂಧಿಸಿದಾಗ, ದೊಡ್ಡ ಗುಂಪಿನ ಹಾಡು ಕಿವಿಗೆ ಬೀಳುವ ಸಾಧ್ಯತೆಯೇ ಹೆಚ್ಚು. ಸಂಧಿಸುವುದಾದರೂ ಎಲ್ಲಿ? ಒಂದು ನೆಲೆಯ ಗಂಡು ಒಂದು ವರ್ಷ ಇನ್ನೊಂದು ನೆಲೆಗೆ ಹೋಗಿಬಿಡಬಹುದು. ಅಂಟಾರ್ಕ್ಟಿಕದ ಮೇವಿನ ನೀರಿನಲ್ಲಿ ಎರಡು ಗುಂಪುಗಳು ಒಂದೆಡೆ ಸೇರಬಹುದು. ಇಲ್ಲವೇ ವಲಸೆಯ ದಾರಿಗಳು ಕೂಡಬಹುದು. ಮೂರನೆಯದಕ್ಕೆ ಒಳ್ಳೆಯ ಸಾಕ್ಷ್ಯ ನ್ಯೂಜಿಲೆಂಡಿನ ಉತ್ತರಕ್ಕಿರುವ ಕರ್ಮಡೆಕ್ ದ್ವೀಪಗಳ ಬಳಿ ದೊರಕಿತು. ದಕ್ಷಿಣಕ್ಕೆ ಮರಳುವ ತಿಮಿಂಗಿಲಗಳು ಅಲ್ಲಿ ತಂಗುತ್ತವೆ. 2015ರಲ್ಲಿ ಅಲ್ಲಿ ದಾಖಲಾದ ಹಾಡುಗಳಲ್ಲಿ ಒಂದಕ್ಕಿಂತ ಹೆಚ್ಚು ನೆಲೆಗಳ ಚರಣಗಳಿದ್ದವು. ಬೇರೆ ಬೇರೆ ದ್ವೀಪಗಳ ಗಂಡುಗಳು ಒಬ್ಬರ ಹಾಡು ಇನ್ನೊಬ್ಬರ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಹಾಡುತ್ತಿದ್ದವು. ದೂರದ ನೆಲೆಗೇ ಹೋಗಿ ಕಲಿಯಬೇಕಿಲ್ಲ, ಮನೆಗೆ ಮರಳುವ ದಾರಿಯಲ್ಲೇ ಕಲಿಯಬಹುದು.

ಇದು ಕಲಿಕೆಯೇ ಎಂದು ನಿಶ್ಚಯವಾಗಿ ಹೇಳಲು ಇಷ್ಟು ಸಾಕು. ಒಂದು ತಿಮಿಂಗಿಲದ ಆಯುಸ್ಸು ಹಲವು ದಶಕ. ಎರಡು ವರ್ಷಗಳಲ್ಲಿ ಸಮುದಾಯದ ಹಾಡೇ ಬೇರೆಯಾಯಿತೆಂದರೆ ಹೊಸ ಪೀಳಿಗೆ ಹುಟ್ಟಿ ಬಂದು ಹಾಡಿತು ಎನ್ನುವಂತಿಲ್ಲ. ನಿನ್ನೆ ಹಳೆಯದನ್ನು ಹಾಡಿದ ದೊಡ್ಡ ಗಂಡುಗಳೇ ಇಂದು ಹೊಸದನ್ನು ಹಾಡುತ್ತಿವೆ. ರಕ್ತದಲ್ಲಿ ಬಂದದ್ದಾಗಿದ್ದರೆ ಹೀಗೆ ಕಳಚಿಹಾಕಲು ಬರುತ್ತಿರಲಿಲ್ಲ. ಎಳವೆಯಲ್ಲಿ ಕಲಿತದ್ದನ್ನೇ ಜೀವನವಿಡೀ ಹಾಡುವ ಹಕ್ಕಿಗಳು ಅನೇಕ ಇವೆ. ಹಂಪ್‌ಬ್ಯಾಕ್ ಗಂಡು ಬೆಳೆದು ದೊಡ್ಡದಾದ ಮೇಲೂ ಹೊಸ ಹಾಡನ್ನು ಮೊದಲಿನಿಂದ ಕಲಿಯುತ್ತದೆ, ಅದೂ ಮತ್ತೆ ಮತ್ತೆ.

ಆದರೆ ಕಲಿಯುವಾಗ ಅದರ ತಲೆಯೊಳಗೆ ಏನು ನಡೆಯುತ್ತದೆ? ಒಂದೇ ತಿಮಿಂಗಿಲವನ್ನು ಹಿಂಬಾಲಿಸಿ, ಅದು ಹೊಸ ಹಾಡನ್ನು ದಿನದಿನಕ್ಕೂ ಹೇಗೆ ಕೈವಶ ಮಾಡಿಕೊಳ್ಳುತ್ತದೆಂದು ದಾಖಲಿಸುವುದು ತೆರೆದ ಕಡಲಿನಲ್ಲಿ ಆಗದ ಕೆಲಸ. ಇಲ್ಲಿ ನೆರವಿಗೆ ಬಂದದ್ದು ಅಪರೂಪದ ಮಿಶ್ರ ಹಾಡುಗಳು. ಹಾಡು ಹೊರಳುವ ಆ ಒಂದು ಋತುವಿನಲ್ಲಿ, ಪೂರ್ತಿ ಹೊರಳುವ ಮೊದಲೇ ಮೈಕ್‌ಗೆ ಸಿಕ್ಕಿಬಿದ್ದ ಬೆರಳೆಣಿಕೆಯ ಗಾಯಕರ ಹಾಡುಗಳು ಅವು. 2017ರಲ್ಲಿ ಗಾರ್ಲಂಡ್ ಮತ್ತು ಸಂಗಡಿಗರು 9,300ಕ್ಕೂ ಹೆಚ್ಚು ಸಾಲುಗಳ ನಡುವೆ ಇವನ್ನು ಇಟ್ಟು ಪರಿಶೀಲಿಸಿದರು.

ಮಿಶ್ರ ಹಾಡು ಹೇಗಿರಬಹುದು ಎಂದು ಯೋಚಿಸಿ. ಕಲಿಯುವ ತಿಮಿಂಗಿಲ ಸದ್ದುಗಳನ್ನು ಬಿಡಿಬಿಡಿಯಾಗಿ ಹಿಡಿಯುತ್ತಿದ್ದರೆ, ಹಳೆಯ ಸಾಲುಗಳ ನಡುವೆ ಹೊಸ ಸದ್ದುಗಳು ಅಲ್ಲಲ್ಲಿ ಚೆಲ್ಲಿದಂತೆ ಇರಬೇಕಿತ್ತು. ಕಂಡದ್ದು ಹಾಗಲ್ಲ. ಹಳೆಯ ಹಾಡಿನ ಒಂದು ಚರಣ ಇಡಿಯಾಗಿ, ಅದರ ಎಲ್ಲ ಸುತ್ತುಗಳೊಂದಿಗೆ ಬರುತ್ತದೆ. ನಂತರ ಹೊಸ ಹಾಡಿನ ಒಂದು ಚರಣ, ಅದೂ ಇಡಿಯಾಗಿ. ಚರಣದ ಒಳಗಿನ ಕ್ರಮ ಕೆಟ್ಟಿರುವುದಿಲ್ಲ. ಅಂದರೆ ತಿಮಿಂಗಿಲ ಹಾಡನ್ನು ಚರಣ ಚರಣವಾಗಿ ಕಲಿಯುತ್ತದೆ. ಒಂದು ಚರಣ ಪೂರ್ತಿ ಬಾಯಿಗೆ ಬಂದ ಮೇಲೆ ಅದನ್ನು ತನ್ನ ಹಾಡಿನಲ್ಲಿ ಸೇರಿಸುತ್ತದೆ. ಉದ್ದದ ಸರಣಿಯನ್ನು ತುಂಡು ತುಂಡಾಗಿ ಹಿಡಿದು ಕಲಿಯುವುದು ಹಕ್ಕಿಗಳಲ್ಲೂ ಮನುಷ್ಯರ ಮಕ್ಕಳಲ್ಲೂ ಕಂಡ ದಾರಿ.

ಇದಕ್ಕಿಂತ ಸೂಕ್ಷ್ಮವಾದದ್ದು ಹಳೆಯದರಿಂದ ಹೊಸದಕ್ಕೆ ದಾಟುವ ಜಾಗ. ತಿಮಿಂಗಿಲ ಎಲ್ಲೆಂದರಲ್ಲಿ ದಾಟುವುದಿಲ್ಲ. ಹಳೆಯ ಹಾಡಿನ ಯಾವ ಚರಣದ ಸದ್ದುಗಳ ಜೋಡಣೆ ಹೊಸ ಹಾಡಿನ ಯಾವುದಾದರೊಂದು ಚರಣಕ್ಕೆ ಹೋಲುತ್ತದೋ ಅಲ್ಲಿ ದಾಟುತ್ತದೆ. ಒಂದೇ ಹಾಡಿನೊಳಗೆ ಚರಣದಿಂದ ಚರಣಕ್ಕೆ ಹೋಗುವಾಗಲೂ ಗಾಯಕರು ಹಲವೊಮ್ಮೆ ಒಂದು ನಡುವಿನ ಸಾಲನ್ನು ಹಾಡುವುದುಂಟು. ಅದರ ಮೊದಲರ್ಧ ಮುಗಿಯುತ್ತಿರುವ ಚರಣದ್ದು, ಉಳಿದರ್ಧ ಬರಲಿರುವ ಚರಣದ್ದು. ಮಿಶ್ರ ಹಾಡಿನಲ್ಲಿ ಅದೇ ಜಾಣ್ಮೆಯನ್ನು ಎರಡು ಬೇರೆ ಹಾಡುಗಳ ನಡುವೆ ಬಳಸಿರುವುದು ಕಾಣುತ್ತದೆ. ಅದಕ್ಕಾಗಿಯೇ ನಾನು ಇದನ್ನು ಕಸುಬು ಎನ್ನಲು ಹಿಂಜರಿಯುವುದಿಲ್ಲ. ಹಾಡಿನ ಕಟ್ಟು ಯಾವುದು, ಅದನ್ನು ಎಲ್ಲಿ ಬಿಚ್ಚಿದರೆ ಹರಿಯುವುದಿಲ್ಲ ಎಂದು ಗಾಯಕನಿಗೆ ಗೊತ್ತಿದೆ.

ಹಾಗೆ ಕಲಿತ ಹಾಡು ಎಷ್ಟು ಶುದ್ಧವಾಗಿರುತ್ತದೆ? ಕೈಯಿಂದ ಕೈಗೆ ದಾಟುವಾಗ ಅದು ಸವೆಯುತ್ತದೆ, ಸುಲಭವಾಗುತ್ತದೆ ಎಂದುಕೊಳ್ಳುವುದು ಸಹಜ. ಜೆನ್ನಿ ಅಲೆನ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿದರು. ಪೂರ್ವ ಆಸ್ಟ್ರೇಲಿಯಾದ ಹಾಡನ್ನು ನ್ಯೂ ಕ್ಯಾಲೆಡೋನಿಯಾದ ಗಂಡುಗಳು ಕಲಿತಾಗ, ಎರಡೂ ಕಡೆಯ ದಾಖಲೆಗಳನ್ನು 2009ರಿಂದ 2015ರವರೆಗೆ ಹೋಲಿಸಿ, ಸದ್ದುಗಳ ಬಗೆಗಳು, ಸಾಲಿನ ಉದ್ದ, ಚರಣಗಳ ಸಂಖ್ಯೆ ಇವೆಲ್ಲವನ್ನೂ ಎಣಿಸಿದರು. ಹಾಡು ಸರಳವಾಗಿರಲಿಲ್ಲ. ಬೇರೆ ಗುಂಪಿನಿಂದ ಬಂದ ಜಟಿಲ ಹಾಡನ್ನೂ ಅವು ಇದ್ದ ಹಾಗೆಯೇ ಕಲಿತಿದ್ದವು.

ಆದರೂ ಒಂದು ಮಿತಿ ಇದೆ ಎಂಬ ಸುಳಿವನ್ನು ಅದೇ ಅಲೆನ್ ಅವರ 2018ರ ಅಧ್ಯಯನ ಕೊಟ್ಟಿತ್ತು. ಪೂರ್ವ ಆಸ್ಟ್ರೇಲಿಯಾದ ಹದಿಮೂರು ವರ್ಷಗಳ ಹಾಡುಗಳನ್ನು ಸಾಲಾಗಿಟ್ಟು ನೋಡಿದಾಗ ಒಂದು ಏರಿಳಿತ ಕಂಡಿತು. ಒಂದು ಹಾಡು ನೆಲೆಯೂರಿ ವರ್ಷದಿಂದ ವರ್ಷಕ್ಕೆ ಮಾರ್ಪಡುವಾಗ ಹೆಚ್ಚು ಹೆಚ್ಚು ಜಟಿಲವಾಗುತ್ತದೆ. ಗಂಡುಗಳು ಇದ್ದ ಸಾಲಿಗೆ ಸದ್ದು ಸೇರಿಸುತ್ತವೆ, ಇದ್ದ ಹಾಡಿಗೆ ಚರಣ ಸೇರಿಸುತ್ತವೆ. ಕ್ರಾಂತಿಯಾಗಿ ಹೊಸ ಹಾಡು ಬಂದಾಗ ಅದು ಹಿಂದಿನದಕ್ಕಿಂತ ಸರಳವಾಗಿರುತ್ತದೆ. ಆಮೇಲೆ ಮತ್ತೆ ಏರಿಕೆ. ಇಡೀ ಹಾಡನ್ನು ಹೊಸದಾಗಿ ಕಲಿಯುವಾಗ ಒಂದು ಋತುವಿನಲ್ಲಿ ಎಷ್ಟು ಹಿಡಿದುಕೊಳ್ಳಬಹುದು ಎಂಬುದಕ್ಕೆ ಎಲ್ಲೆಯಿರುವುದು ಇದರ ಒಂದು ಕಾರಣವಾಗಿರಬಹುದು. ಗೊತ್ತಿರುವ ಹಾಡಿಗೆ ಸ್ವಲ್ಪಸ್ವಲ್ಪ ಸೇರಿಸುತ್ತ ಹೋಗುವುದಕ್ಕೆ ಅಂಥ ಅಡ್ಡಿಯಿಲ್ಲ.

ಈಗ ಇಡೀ ವಿಷಯದ ತಿರುಳಿಗೆ ಬರಬಹುದು. ಹೊಸ ಹಾಡು ಬಂದಾಗ ತಿಮಿಂಗಿಲ ಏಕೆ ಕಲಿಯಬೇಕು? ತನ್ನದನ್ನೇ ಹಾಡಿಕೊಂಡಿರಬಹುದಲ್ಲ? ಹಾಡು ಯಾರಿಗಾಗಿ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಹೆಣ್ಣನ್ನು ಸೆಳೆಯಲು ಎನ್ನುವವರಿದ್ದಾರೆ. ಗಂಡುಗಳ ನಡುವಿನ ವ್ಯವಹಾರ ಎನ್ನುವವರಿದ್ದಾರೆ, ಏಕೆಂದರೆ ಹಾಡುತ್ತಿರುವವನ ಬಳಿಗೆ ಹಲವೊಮ್ಮೆ ಇನ್ನೊಂದು ಗಂಡು ಬರುವುದನ್ನು ಜಿಮ್ ಡಾರ್ಲಿಂಗ್ ಮೊದಲಾದವರು ಹವಾಯಿಯಲ್ಲಿ ನೋಡಿದ್ದಾರೆ. ಉದ್ದೇಶ ಯಾವುದೇ ಇರಲಿ, ಹಾಡಿನ ನಡವಳಿಕೆಯಲ್ಲಿ ಎರಡು ಒತ್ತಡಗಳು ಎದ್ದುಕಾಣುತ್ತವೆ. ಎಲ್ಲರಂತೆ ಹಾಡಬೇಕು ಎಂಬುದು ಒಂದು. ಅದು ತುಂಬ ಬಲವಾದದ್ದು. ಇಲ್ಲವಾದರೆ ನೂರಾರು ಕಿಲೋಮೀಟರ್ ಹರಡಿಕೊಂಡ ಗಂಡುಗಳೆಲ್ಲ ಒಂದೇ ಹಾಡನ್ನು ಹಾಡುತ್ತಿರಲಿಲ್ಲ. ಹೊಸತರ ಸೆಳೆತ ಇನ್ನೊಂದು. ಇದಿಲ್ಲದಿದ್ದರೆ 1996ರ ಆ ಎರಡು ಗಾಯಕರು 80 ಗಾಯಕರ ಹಾಡಿಗೆ ಸೇರಿಹೋಗಬೇಕಿತ್ತು. ಆದದ್ದು ತಿರುಗುಮುರುಗು.

ಈ ಎರಡು ಒತ್ತಡಗಳು ಒಂದಕ್ಕೊಂದು ವಿರುದ್ಧ ಎನಿಸಿದರೂ ಒಂದಿಲ್ಲದೆ ಇನ್ನೊಂದು ಕೆಲಸ ಮಾಡುವುದಿಲ್ಲ. ಹೊಸತನ್ನು ಮೆಚ್ಚಿ ಕೆಲವರು ಹೊರಳುತ್ತಾರೆ. ಅವರ ಸಂಖ್ಯೆ ಒಂದು ಮಟ್ಟ ಮುಟ್ಟಿದಾಗ, ಎಲ್ಲರಂತೆ ಹಾಡಬೇಕೆಂಬ ಹಟವೇ ಉಳಿದವರನ್ನು ಹೊಸ ಹಾಡಿನತ್ತ ತಳ್ಳುತ್ತದೆ. ಹಳೆಯದನ್ನು ವರ್ಷಗಟ್ಟಲೆ ಕಾಪಾಡಿದ ಶಿಸ್ತೇ ಅದನ್ನು ಒಂದು ಋತುವಿನಲ್ಲಿ ಅಳಿಸಿಹಾಕುತ್ತದೆ. ಹಾಗೆ ಅಳಿದ ಹಾಡಿಗೆ ತಿಮಿಂಗಿಲಗಳು ಸಾಮಾನ್ಯವಾಗಿ ಮರಳುವುದಿಲ್ಲ.

ಇಷ್ಟೆಲ್ಲ ನಡೆಯಲು ತಿಮಿಂಗಿಲಗಳು ಇರಬೇಕು, ಒಂದರ ಹಾಡು ಇನ್ನೊಂದಕ್ಕೆ ಕೇಳುವಷ್ಟು ಸಂಖ್ಯೆಯಲ್ಲಿರಬೇಕು. ಪೂರ್ವ ಆಸ್ಟ್ರೇಲಿಯಾದ ಈ ಸಮುದಾಯ 1960ರ ದಶಕದ ಆರಂಭದಲ್ಲಿ ಬೇಟೆಯಿಂದ ಕೆಲವೇ ನೂರಕ್ಕೆ ಇಳಿದಿತ್ತು. ಹಿಡಿಯಲು ತಿಮಿಂಗಿಲಗಳೇ ಸಿಗದೆ 1962ರಲ್ಲಿ ಆ ಕರಾವಳಿಯ ಬೇಟೆ ಕೇಂದ್ರಗಳು ಮುಚ್ಚಿದವು. ಆ ಬಳಿಕದ ಚೇತರಿಕೆ ಬಲು ದೊಡ್ಡದು: 1997ರಲ್ಲಿ ಸುಮಾರು 3,700 ಇದ್ದದ್ದು 2015ಕ್ಕೆ ಸುಮಾರು 27,000. ಇದರ ಪರಿಣಾಮ ಹಾಡಿನ ಮೇಲೂ ಆಯಿತು. ರೆಬೆಕಾ ಡನ್‌ಲಪ್ ಮತ್ತು ಸೆಲೀನ್ ಫ್ರೇರ್ 2023ರಲ್ಲಿ ತೋರಿಸಿದಂತೆ, ಸಂಖ್ಯೆ ಹೆಚ್ಚಿದಂತೆಲ್ಲ ಹಾಡದೆಯೇ ಹೆಣ್ಣನ್ನು ಹಿಂಬಾಲಿಸುವ ಗಂಡುಗಳ ಪಾಲು ಹೆಚ್ಚುತ್ತ ಬಂದಿದೆ. ಪೈಪೋಟಿ ಹೆಚ್ಚಾದಾಗ ಹಾಡಿದರೆ ಹೆಣ್ಣಿನ ಜೊತೆ ಬೇರೆ ಗಂಡುಗಳೂ ಬಳಿಗೆ ಬರುವ ಅಪಾಯವಿದೆ ಎಂಬುದು ಅವರ ವಿವರಣೆ. ಹಾಡು ನಿಂತಿಲ್ಲ, ಹಾಡುವವರ ಪಾಲು ಕುಗ್ಗಿದೆ.

ಹಾಡು ಸಾಗುವ ದಾರಿಯೂ ಫ್ರೆಂಚ್ ಪಾಲಿನೇಷಿಯಾದಲ್ಲಿ ಮುಗಿಯುವುದಿಲ್ಲ. 2016ರಿಂದ 2018ರವರೆಗಿನ ದಾಖಲೆಗಳನ್ನು ಹೋಲಿಸಿದಾಗ, ಅಲ್ಲಿಯ ಹಾಡು ಪೆಸಿಫಿಕ್ ದಾಟಿ ದಕ್ಷಿಣ ಅಮೆರಿಕದ ಇಕ್ವೆಡಾರ್ ಕರಾವಳಿಯನ್ನೂ ತಲಪಿದ್ದು ಕಂಡಿತು. ಆಸ್ಟ್ರೇಲಿಯಾದಿಂದ ಇಕ್ವೆಡಾರ್‌ವರೆಗೆ ಹಾಡು ಒಯ್ದದ್ದು ಯಾವುದೋ ಒಂದು ತಿಮಿಂಗಿಲವಲ್ಲ. ಪಕ್ಕದ ನೆಲೆಯವರು ಪಕ್ಕದವರಿಂದ ಕಲಿತು ದಾಟಿಸುತ್ತ ಬಂದದ್ದು.

ನಮ್ಮ ಅರಬ್ಬಿ ಸಮುದ್ರದಲ್ಲೂ ಹಂಪ್‌ಬ್ಯಾಕ್‌ಗಳಿವೆ. ಇವು ಬೇರೆಲ್ಲ ಹಂಪ್‌ಬ್ಯಾಕ್‌ಗಳಂತೆ ಧ್ರುವದತ್ತ ವಲಸೆ ಹೋಗುವುದಿಲ್ಲ. ವರ್ಷವಿಡೀ ಈ ಸಮುದ್ರದಲ್ಲೇ ಇರುತ್ತವೆ. ಒಮಾನ್ ಕರಾವಳಿಯಲ್ಲಿ ಮಾಡಿದ ಅಂದಾಜಿನಂತೆ ಅಲ್ಲಿರುವುದು 82ರಷ್ಟು. ವಂಶವಾಹಿಗಳ ಅಧ್ಯಯನ ಹೇಳುವಂತೆ ಇವು ಸುಮಾರು 70,000 ವರ್ಷಗಳಿಂದ ಉಳಿದ ಹಂಪ್‌ಬ್ಯಾಕ್‌ಗಳಿಂದ ಬೇರೆಯಾಗಿವೆ. ಒಮಾನ್‌ನಲ್ಲಿ ಉಪಗ್ರಹ ಟ್ಯಾಗ್ ಹಾಕಿದ್ದ ಒಂದು ಹೆಣ್ಣು ಅರಬ್ಬಿ ಸಮುದ್ರ ದಾಟಿ ಗೋವಾದ ಕಡೆಗೆ ಬಂದು, ಅಲ್ಲಿಂದ ಭಾರತದ ದಕ್ಷಿಣ ತುದಿಯವರೆಗೆ ಸಾಗಿತ್ತು. ಅಂದರೆ ಕಾರವಾರ, ಮಂಗಳೂರಿನ ಆಚೆಯ ನೀರು ಅದರ ದಾರಿ. ಗೋವಾ ಕರಾವಳಿಯಲ್ಲಿ ನೀರಿಗಿಳಿಸಿದ ಮೈಕ್‌ಗಳಲ್ಲಿ ಹಂಪ್‌ಬ್ಯಾಕ್ ಹಾಡು ದಾಖಲಾಗಿಯೂ ಇದೆ.

ಪೆಸಿಫಿಕ್‌ನ ಕಥೆಯನ್ನು ತಿಳಿದ ಮೇಲೆ ಇಲ್ಲಿಯ ಹಾಡನ್ನು ಬೇರೆ ಕಿವಿಯಿಂದ ಕೇಳಬೇಕಾಗುತ್ತದೆ. ಇಲ್ಲಿ ಗಾಯಕರು ಕಡಿಮೆ. ನೆರೆಹೊರೆಯ ಸಮುದಾಯಗಳು ಭೂಮಧ್ಯರೇಖೆಯ ಆಚೆಗಿವೆ, ಅವು ಹಾಡುವ ಋತುವಿಗೂ ಇವುಗಳ ಋತುವಿಗೂ ಆರು ತಿಂಗಳ ಅಂತರ. ಹೊರಗಿನ ಹಾಡು ಕಿವಿಗೆ ಬೀಳುವ ಅವಕಾಶವೇ ತೀರ ಕಡಿಮೆ ಇರುವಲ್ಲಿ ಕ್ರಾಂತಿಗೆ ದಾರಿ ಎಲ್ಲಿ? ಇರುವ ಹಾಡನ್ನೇ ಸ್ವಲ್ಪಸ್ವಲ್ಪ ಬದಲಿಸಿಕೊಂಡು ಹೋಗುತ್ತಿರಬಹುದು. ಅದು ಹೇಗೆ ಸಾಗುತ್ತಿದೆ ಎಂದು ಅರಿಯಲು ಒಂದು ವರ್ಷದ ಧ್ವನಿಮುದ್ರಣ ಸಾಲದು. ಪೆರೀಜಿಯನ್‌ನಲ್ಲಿ 1995ರಿಂದ 1998ರವರೆಗೆ ಪ್ರತಿ ಋತುವೂ ಅದೇ ಜಾಗದಲ್ಲಿ ಕೇಳಿದ್ದರಿಂದಲೇ ಎರಡು ಗಾಯಕರ ಹಾಡು ಎಲ್ಲರ ಹಾಡಾದದ್ದು ಗೊತ್ತಾಯಿತು. ನಡುವಿನ 1997ರಲ್ಲಿ ಮೈಕ್ ಇಳಿಸದೆ ಹೋಗಿದ್ದರೆ ಹಾಡು ಬದಲಾಗಿದೆ ಎಂದಷ್ಟೇ ತಿಳಿಯುತ್ತಿತ್ತು; ಮಿಶ್ರ ಹಾಡುಗಳು ಸಿಗುತ್ತಿರಲಿಲ್ಲ, ತಿಮಿಂಗಿಲ ಕಲಿಯುವ ಬಗೆಯ ಮೊದಲ ಸುಳಿವೂ ಸಿಗುತ್ತಿರಲಿಲ್ಲ. ಅರಬ್ಬಿ ಸಮುದ್ರಕ್ಕೆ ಬೇಕಿರುವುದೂ ಅದೇ: ನಮ್ಮ ಪಶ್ಚಿಮ ಕರಾವಳಿಯ ಕೆಲವು ಜಾಗಗಳಲ್ಲಿ, ಒಂದು ಋತುವನ್ನೂ ಬಿಡದೆ, ವರ್ಷಗಟ್ಟಲೆ ನೀರಿನಲ್ಲಿರುವ ಮೈಕ್‌ಗಳು.